ಮಾರ್ಚ್ ತಿಂಗಳ ಟಿಕೆಟ್ ಹಣ ಎಷ್ಟು? ಸಾಲಾಗಿ ಇಟ್ಟ ಡೇಟಾ, ಕಾಲಂ ಆಗಿ ಇಟ್ಟ ಡೇಟಾ

ಒಂದು ಬಸ್ ಸಂಸ್ಥೆಯನ್ನು ಊಹಿಸಿಕೊಳ್ಳಿ. ಕಂಡಕ್ಟರ್ ಕೈಯಲ್ಲಿರುವ ಮೆಷಿನ್‌ನಿಂದ ಟಿಕೆಟ್ ಹೊರಬಂದಾಗಲೆಲ್ಲ ಒಂದು ದಾಖಲೆ ಹುಟ್ಟುತ್ತದೆ. ಟಿಕೆಟ್ ಸಂಖ್ಯೆ, ದಿನಾಂಕ, ಸಮಯ, ಡಿಪೊ, ಮಾರ್ಗ, ಹತ್ತಿದ ಸ್ಟೇಜ್, ಇಳಿಯುವ ಸ್ಟೇಜ್, ದರ, ಕಂಡಕ್ಟರ್ ಸಂಖ್ಯೆ, ಬಸ್ ನೋಂದಣಿ, ಹಣ ಕೊಟ್ಟ ಬಗೆ, ಕ್ಯೂಆರ್ ಸಂಕೇತ, ಹೀಗೆ ಒಟ್ಟು 20 ಕಾಲಂ. ವರ್ಷಕ್ಕೆ 10 ಕೋಟಿ ಟಿಕೆಟ್, 50 ಡಿಪೊ. ಲೆಕ್ಕ ಹಿಡಿಯಲು ಸುಲಭವಾಗಲೆಂದು ಈ ಅಂಕಿಗಳನ್ನು ನಾನೇ ಆರಿಸಿಕೊಂಡಿದ್ದೇನೆ. ಅವುಗಳನ್ನು ಇಡುವ ಪಾತ್ರೆಗಳ ಅಳತೆಗಳು ಮಾತ್ರ ನಿಜವಾದ ಸಾಫ್ಟ್‌ವೇರ್‌ನವು.

ಈ ಡೇಟಾಕ್ಕೆ ಎರಡು ಬಗೆಯ ಪ್ರಶ್ನೆ ಬರುತ್ತವೆ. ಪ್ರಯಾಣಿಕರೊಬ್ಬರು ದೂರು ಕೊಟ್ಟರೆ, ಆ ಒಂದು ಟಿಕೆಟ್‌ನ 20 ವಿವರವೂ ಬೇಕು. ಲೆಕ್ಕಪತ್ರ ವಿಭಾಗದವರು ಕೇಳಿದರೆ, ಮಾರ್ಚ್ ತಿಂಗಳಲ್ಲಿ ಯಾವ ಡಿಪೊಗೆ ಎಷ್ಟು ಹಣ ಬಂತು ಎಂದಷ್ಟೇ ಬೇಕು:

```sql
SELECT depot, sum(fare)
FROM tickets
WHERE issued_on BETWEEN '2023-03-01' AND '2023-03-31'
GROUP BY depot;
```

ಮೊದಲನೆಯದಕ್ಕೆ ಒಂದು ಸಾಲು, ಎಲ್ಲ ಕಾಲಂ. ಎರಡನೆಯದಕ್ಕೆ ಲಕ್ಷಾಂತರ ಸಾಲು, ಮೂರೇ ಕಾಲಂ. ಡೇಟಾವನ್ನು ಡಿಸ್ಕಿನ ಮೇಲೆ ಯಾವ ಕ್ರಮದಲ್ಲಿ ಜೋಡಿಸಿಟ್ಟಿದ್ದೇವೆ ಎಂಬುದರ ಮೇಲೆ ಈ ಎರಡರಲ್ಲಿ ಯಾವುದು ಹಗುರ, ಯಾವುದು ಭಾರ ಎಂಬುದು ನಿಂತಿದೆ.

ಮೊದಲು ಸಾಲಾಗಿ ಇಡುವ ಪದ್ಧತಿಯನ್ನು ನೋಡೋಣ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತನ್ನ ಟೇಬಲ್ಲನ್ನು 8,192 ಬೈಟ್‌ಗಳ ಪುಟಗಳಾಗಿ ಕತ್ತರಿಸಿ ಇಡುತ್ತದೆ. ಪುಟದ ತಲೆಬರಹಕ್ಕೆ 24 ಬೈಟ್ ಹೋಗುತ್ತದೆ. ಪ್ರತಿ ಸಾಲಿಗೂ ‘ಅದು ಪುಟದಲ್ಲಿ ಇಂಥಲ್ಲಿದೆ’ ಎಂದು ತೋರಿಸುವ 4 ಬೈಟ್‌ನ ಸೂಚಕ ಇರುತ್ತದೆ. ಸಾಲಿಗೂ ತನ್ನದೇ ತಲೆಬರಹ ಇದೆ. ಅದನ್ನು ಯಾವ ವ್ಯವಹಾರ ಬರೆಯಿತು, ಯಾವುದು ಅಳಿಸಿತು ಎಂಬಂಥ ಮಾಹಿತಿ ಅದರಲ್ಲಿರುತ್ತದೆ. ಅದಕ್ಕೆ 23 ಬೈಟ್, ಜೋಡಣೆಯ ಅಂತರ ಸೇರಿ 24. ಆಮೇಲೆ ಆ ಟಿಕೆಟ್‌ನ 20 ಬೆಲೆಗಳು, ಅಂದರೆ ಪ್ರತಿ ಕಾಲಂನಲ್ಲಿರುವ ವಿವರಗಳು, ಒಂದರ ಪಕ್ಕ ಒಂದು ಕೂರುತ್ತವೆ. ನಮ್ಮ ಸಾಲು ತಲೆಬರಹ ಸೇರಿ 200 ಬೈಟ್ ಎಂದಿಟ್ಟುಕೊಂಡರೆ ಒಂದು ಪುಟಕ್ಕೆ 40 ಟಿಕೆಟ್ ಹಿಡಿಯುತ್ತವೆ. 10 ಕೋಟಿ ಟಿಕೆಟ್‌ಗೆ 25 ಲಕ್ಷ ಪುಟ, ಅಂದರೆ ಸುಮಾರು 20 ಜಿಬಿ.

ದೂರಿನ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಜೋಡಣೆ ಇಲ್ಲ. ಟಿಕೆಟ್ ಸಂಖ್ಯೆಯ ಇಂಡೆಕ್ಸ್ ಹಿಡಿದು ಮೂರೋ ನಾಲ್ಕೋ ಪುಟ ಇಳಿದರೆ ಸಾಲು ಇರುವ ಪುಟ ಸಿಗುತ್ತದೆ. ಆ ಒಂದು ಪುಟ ತೆರೆದರೆ ಇಪ್ಪತ್ತೂ ವಿವರ ಒಟ್ಟಿಗೇ ಕೈಗೆ ಬರುತ್ತವೆ.

ಮಾರ್ಚ್ ಪ್ರಶ್ನೆಗೆ ಏನಾಗುತ್ತದೆ? ಡಿಸ್ಕಿನಿಂದ ‘ದರ ಮಾತ್ರ ಕೊಡು’ ಎಂದು ಕೇಳಲು ಬರುವುದಿಲ್ಲ. ಪುಟವನ್ನು ಪೂರ್ತಿಯಾಗಿಯೇ ತರಬೇಕು. ದಿನಾಂಕಕ್ಕೆ 4 ಬೈಟ್, ದರಕ್ಕೆ 4, ಡಿಪೊ ಸಂಕೇತಕ್ಕೆ 2, ಒಟ್ಟು 10 ಬೈಟ್ ಬೇಕಾದ ಕಡೆ 200 ಬೈಟ್ ಹೊತ್ತು ತರುತ್ತೇವೆ. ಕಂಡಕ್ಟರ್ ಸಂಖ್ಯೆ, ಕ್ಯೂಆರ್ ಸಂಕೇತ, ಬಸ್ ನೋಂದಣಿ ಎಲ್ಲವೂ ಮೆಮೊರಿಗೆ ಬಂದು, ಯಾರೂ ನೋಡದೆ ಹಾಗೆಯೇ ಹೋಗುತ್ತವೆ. ಸೆಕೆಂಡಿಗೆ 500 ಎಂಬಿ ಓದುವ ಡಿಸ್ಕಿನಲ್ಲಿ 20 ಜಿಬಿ ಓದಲು 40 ಸೆಕೆಂಡು ಹಿಡಿಯುತ್ತದೆ.

ಇಲ್ಲಿ ಸಾಲು ಪದ್ಧತಿಗೆ ಅನ್ಯಾಯ ಮಾಡಬಾರದು. ಟಿಕೆಟ್‌ಗಳು ಬಂದ ಕ್ರಮದಲ್ಲೇ ಪುಟ ತುಂಬಿದ್ದರೆ ಮಾರ್ಚ್‌ನ ಪುಟಗಳೆಲ್ಲ ಅಕ್ಕಪಕ್ಕದಲ್ಲೇ ಇರುತ್ತವೆ. ದಿನಾಂಕದ ಮೇಲೆ ಇಂಡೆಕ್ಸ್ ಇದ್ದರೆ ವರ್ಷದ 365 ದಿನದಲ್ಲಿ 31 ದಿನದ್ದನ್ನು ಮಾತ್ರ, ಅಂದರೆ ಸುಮಾರು 1.7 ಜಿಬಿ ಓದಿದರೆ ಸಾಕು. ಕಾಲಂ ಪದ್ಧತಿಯ ಜೊತೆ ಹೋಲಿಸುವಾಗ ಈ 1.7 ಜಿಬಿಯನ್ನೇ ಇಟ್ಟುಕೊಳ್ಳೋಣ. ಅದೇ ನ್ಯಾಯವಾದ ಹೋಲಿಕೆ.

ಈಗ ಅದೇ ಟೇಬಲ್ಲನ್ನು ಇನ್ನೊಂದು ಬಗೆಯಲ್ಲಿ ಜೋಡಿಸೋಣ. 10 ಕೋಟಿ ದಿನಾಂಕಗಳು ಒಂದು ಕಡೆ, 10 ಕೋಟಿ ಡಿಪೊ ಸಂಕೇತಗಳು ಇನ್ನೊಂದು ಕಡೆ, 10 ಕೋಟಿ ದರಗಳು ಮತ್ತೊಂದು ಕಡೆ. ಯಾವ ದರ ಯಾವ ಟಿಕೆಟ್‌ನದು ಎಂದು ತಿಳಿಯುವುದು ಹೇಗೆ? ಸ್ಥಾನದಿಂದ. ದಿನಾಂಕದ ಪಟ್ಟಿಯಲ್ಲಿ 7,001ನೆಯದು, ದರದ ಪಟ್ಟಿಯಲ್ಲಿ 7,001ನೆಯದು, ಎರಡೂ ಒಂದೇ ಟಿಕೆಟ್‌ಗೆ ಸೇರಿದವು. ಬೆಲೆಯ ಪಕ್ಕದಲ್ಲಿ ಟಿಕೆಟ್ ಸಂಖ್ಯೆಯನ್ನು ಮತ್ತೆ ಬರೆದಿಡುವ ಅಗತ್ಯವೇ ಇಲ್ಲ.

ಈ ಸ್ಥಾನದ ಮಾತು ಸಣ್ಣದಾಗಿ ಕಂಡರೂ ಇಡೀ ವಿಷಯದ ಬೇರು ಅಲ್ಲೇ ಇದೆ. ಅದನ್ನು ಬಿಟ್ಟವರು ಪೆಟ್ಟು ತಿನ್ನುತ್ತಾರೆ. ‘ಸಾಲು ಡೇಟಾಬೇಸಿನಲ್ಲೇ ಒಂದೊಂದು ಕಾಲಂಗೆ ಒಂದೊಂದು ಚಿಕ್ಕ ಟೇಬಲ್ ಮಾಡಿದರಾಯಿತಲ್ಲ’ ಎಂದು ಅನೇಕರಿಗೆ ಹೊಳೆಯುತ್ತದೆ. ಮಾಡಿ ನೋಡೋಣ. ಟಿಕೆಟ್ ಸಂಖ್ಯೆ 8 ಬೈಟ್, ದರ 4 ಬೈಟ್, ಇವೆರಡೇ ಇರುವ ಟೇಬಲ್. ಸಾಲಿನ ತಲೆಬರಹ 24 ಸೇರಿ 36 ಆಯಿತು, 8ರ ಗುಣಕಕ್ಕೆ ಏರಿಸಿ 40, ಪುಟದ ಸೂಚಕ 4 ಸೇರಿ 44. ನಾಲ್ಕು ಬೈಟ್‌ನ ದರಕ್ಕೆ 44 ಬೈಟ್! 10 ಕೋಟಿಗೆ 4.4 ಜಿಬಿ. ಮೂರು ಕಾಲಂ ಓದಿ, ಅವನ್ನು ಟಿಕೆಟ್ ಸಂಖ್ಯೆಯಿಂದ ಮತ್ತೆ ಜೋಡಿಸುವ ಹೊತ್ತಿಗೆ ಮೂಲ ಟೇಬಲ್ಲನ್ನು ಓದುವುದೇ ಮೇಲಾಗಿತ್ತು ಅನ್ನಿಸುತ್ತದೆ. ಡ್ಯಾನಿಯಲ್ ಅಬಾಡಿ, ಸ್ಯಾಮ್ಯುಯೆಲ್ ಮ್ಯಾಡೆನ್ ಮತ್ತು ನಬೀಲ್ ಹಾಶೆಮ್ 2008ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನೇ ಅಳೆದು ನೋಡಿದ್ದರು. ಸಾಲು ಡೇಟಾಬೇಸಿಗೆ ಕಾಲಂ ವೇಷ ಹಾಕಿದರೆ ಕಾಲಂ ಡೇಟಾಬೇಸಿನ ವೇಗ ಬರುವುದಿಲ್ಲ ಎಂಬುದು ಅವರು ಕಂಡುಕೊಂಡ ಫಲ.

ಮೂರು ಕಾಲಂ ಸೇರಿಸಿ ಒಂದೇ ಇಂಡೆಕ್ಸ್ ಮಾಡುವುದು ಇನ್ನೊಂದು ದಾರಿ. ಅದು ಈ ಪ್ರಶ್ನೆಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ಬೇರೆಯೇ ಜಾಗ ಬೇಕು. ನಾಳೆ ಮಾರ್ಗವಾರು ಲೆಕ್ಕ ಕೇಳಿದರೆ ಇನ್ನೊಂದು ಇಂಡೆಕ್ಸ್, ನಾಡಿದ್ದು ಸ್ಟೇಜ್‌ವಾರು ಕೇಳಿದರೆ ಮತ್ತೊಂದು. ಟಿಕೆಟ್ ಬಂದಾಗಲೆಲ್ಲ ಇವೆಲ್ಲವನ್ನೂ ತಿದ್ದಬೇಕು. ವಿಶ್ಲೇಷಣೆಯಲ್ಲಿ ಮುಂದಿನ ಪ್ರಶ್ನೆ ಯಾವುದೆಂದು ಮೊದಲೇ ತಿಳಿದಿರುವುದಿಲ್ಲ.

ನಿಜವಾದ ಕಾಲಂ ಜೋಡಣೆಯಲ್ಲಿ ಮೂರು ಕಾಲಂಗಳ ಒಟ್ಟು ಗಾತ್ರ 10 ಬೈಟ್ ಗುಣಿಸು 10 ಕೋಟಿ, ಅಂದರೆ 1 ಜಿಬಿ. ಮಾರ್ಚ್‌ನ ಭಾಗ 85 ಎಂಬಿ. 1.7 ಜಿಬಿಗೆ ಹೋಲಿಸಿದರೆ ಇಪ್ಪತ್ತರಲ್ಲಿ ಒಂದು ಪಾಲು. ‘ಬೇಕಾದ ಕಾಲಂ ಮಾತ್ರ ಓದುವುದರಿಂದ ವೇಗ’ ಎಂದು ಸಾಮಾನ್ಯವಾಗಿ ಹೇಳುವುದು ಇಷ್ಟನ್ನೇ. ಹೇಳಿಕೆ ಸರಿ. ಆದರೆ ಲಾಭದ ದೊಡ್ಡ ಭಾಗ ಇನ್ನೂ ಶುರುವೇ ಆಗಿಲ್ಲ.

ಒಂದೇ ಬಗೆಯ ಬೆಲೆಗಳು ಅಕ್ಕಪಕ್ಕ ಕೂತಾಗ ಅವುಗಳನ್ನು ಕುಗ್ಗಿಸುವುದು ತುಂಬ ಸುಲಭ. ಇರುವುದೇ 50 ಡಿಪೊ. ಡಿಪೊಗಳ ಪಟ್ಟಿಯನ್ನು ಒಂದು ನಿಘಂಟಾಗಿ ಬದಿಗಿಟ್ಟು, ಪ್ರತಿ ಟಿಕೆಟ್‌ಗೂ 0ಯಿಂದ 49ರವರೆಗಿನ ಕ್ರಮಸಂಖ್ಯೆ ಬರೆದರೆ ಸಾಕು. ಅದಕ್ಕೆ 6 ಬಿಟ್ ಧಾರಾಳ. ಬೇರೆಬೇರೆ ದರಗಳು ಒಟ್ಟು 200 ಎಂದುಕೊಂಡರೆ ದರಕ್ಕೆ 8 ಬಿಟ್. ದಿನಾಂಕದ್ದು ಇನ್ನೂ ಸೊಗಸು. ದಿನಾಂಕದ ಕ್ರಮದಲ್ಲಿ ಜೋಡಿಸಿದ್ದರೆ ದಿನಕ್ಕೆ ಸರಾಸರಿ 2.74 ಲಕ್ಷ ಸಲ ಒಂದೇ ಬೆಲೆ ಬರುತ್ತದೆ. ಅದನ್ನು ಅಷ್ಟೂ ಸಲ ಬರೆಯುವ ಬದಲು ‘ಮಾರ್ಚ್ 1, ಇಷ್ಟು ಸಲ’ ಎಂದು ಒಂದೇ ಸಲ ಬರೆದರೆ ಮುಗಿಯಿತು. ಇಡೀ ವರ್ಷದ ದಿನಾಂಕ ಕಾಲಂ ಕೆಲವು ಕಿಲೋಬೈಟ್‌ಗೆ ಇಳಿಯುತ್ತದೆ. ಈಗ ಟಿಕೆಟ್ ಒಂದಕ್ಕೆ ಓದಬೇಕಾದದ್ದು 14 ಬಿಟ್. ಮಾರ್ಚ್‌ನ 85 ಲಕ್ಷ ಟಿಕೆಟ್‌ಗಳಿಗೆ ಸುಮಾರು 15 ಎಂಬಿ. ನ್ಯಾಯವಾಗಿ ಹೋಲಿಸಿದ 1.7 ಜಿಬಿಯ ನೂರರಲ್ಲಿ ಒಂದು ಪಾಲಿಗಿಂತಲೂ ಇದು ಕಡಿಮೆ.

ಸಾಲಿನಲ್ಲಿ ಇದು ಸಾಧ್ಯವಿಲ್ಲವೇ? ಪುಟವನ್ನು ಒಟ್ಟಾಗಿ ಕುಗ್ಗಿಸಬಹುದು, ಸ್ವಲ್ಪ ಲಾಭವೂ ಇದೆ. ಆದರೆ ಅಲ್ಲಿ ದಿನಾಂಕದ ಪಕ್ಕ ಡಿಪೊ, ಡಿಪೊ ಪಕ್ಕ ಕ್ಯೂಆರ್ ಸಂಕೇತ. ನೆರೆಹೊರೆಯಲ್ಲಿ ಹೋಲಿಕೆಯೇ ಇಲ್ಲದಿದ್ದರೆ ಕುಗ್ಗಿಸುವ ವಿಧಾನಕ್ಕೆ ಹಿಡಿತ ಸಿಗುವುದಿಲ್ಲ.

ಕುಗ್ಗಿದ ರೂಪವನ್ನು ಬಿಚ್ಚದೆಯೇ ಕೆಲಸ ಮಾಡಬಹುದು ಎಂಬುದು ನನಗೆ ಇದರಲ್ಲಿ ತುಂಬ ಇಷ್ಟವಾದ ಅಂಶ. ‘ಮಾರ್ಚ್ 1, ಇಷ್ಟು ಸಲ’ ಎಂಬ ಒಂದು ನಮೂದನ್ನು ಶರತ್ತಿನ ಜೊತೆ ಒಮ್ಮೆ ಹೋಲಿಸಿದರೆ 2.74 ಲಕ್ಷ ಟಿಕೆಟ್‌ಗಳ ತೀರ್ಮಾನ ಒಟ್ಟಿಗೆ ಆಗಿಹೋಯಿತು. ಡಿಪೊವಾರು ಕೂಡಲು ಡಿಪೊದ ಹೆಸರೇ ಬೇಕಿಲ್ಲ. 50 ಮನೆಗಳ ಒಂದು ಪಟ್ಟಿ ಇಟ್ಟುಕೊಂಡು, ಕ್ರಮಸಂಖ್ಯೆ ತೋರಿಸಿದ ಮನೆಗೆ ದರವನ್ನು ಸೇರಿಸುತ್ತಾ ಹೋಗುವುದು. ಹೆಸರು ಹಾಕುವುದು ಕೊನೆಯಲ್ಲಿ, 50 ಸಲ ಮಾತ್ರ.

ಡೇಟಾ ಎಲ್ಲವೂ ಮೆಮೊರಿಯಲ್ಲೇ ಇದ್ದರೆ ಡಿಸ್ಕಿನ ಲೆಕ್ಕ ಯಾಕೆ ಎಂದು ಕೇಳಬಹುದು. ಆಗಲೂ ಕಾಲಂ ಗೆಲ್ಲುತ್ತದೆ. ಪ್ರೊಸೆಸರ್ ಮೆಮೊರಿಯಿಂದ ಸಾಮಾನ್ಯವಾಗಿ 64 ಬೈಟ್‌ಗಳ ತುಂಡುಗಳಾಗಿ ತರಿಸಿಕೊಳ್ಳುತ್ತದೆ. 200 ಬೈಟ್‌ನ ಸಾಲುಗಳಲ್ಲಿ ಒಂದು ದರ ನೋಡಲು ಒಂದು ತುಂಡು ತಂದರೆ ಅದರಲ್ಲಿ ಉಪಯೋಗಕ್ಕೆ ಬರುವುದು 4 ಬೈಟ್. ದರಗಳೇ ಒಂದರ ಪಕ್ಕ ಒಂದು ಕೂತ ಕಾಲಂನಲ್ಲಿ ಅದೇ ತುಂಡಿನಲ್ಲಿ 16 ದರ. ಅದೂ ಅಲ್ಲದೆ ಪೋಸ್ಟ್‌ಗ್ರೆಸ್‌ನ ಸಾಲಿನಲ್ಲಿ ದರಕ್ಕಿಂತ ಮೊದಲು ಉದ್ದ ಬದಲಾಗುವ ಪಠ್ಯದ ಕಾಲಂ ಇದ್ದರೆ, ದರ ಎಲ್ಲಿದೆ ಎಂದು ತಿಳಿಯಲು ಪ್ರತಿ ಸಾಲಿನಲ್ಲೂ ಅದಕ್ಕೆ ಹಿಂದಿನವನ್ನು ಒಂದೊಂದಾಗಿ ದಾಟಬೇಕು. ಕಾಲಂನಲ್ಲಿ ಹುಡುಕಾಟವಿಲ್ಲ, ಮುಂದಿನ ದರ ಪಕ್ಕದಲ್ಲೇ ಇದೆ. ಹಾಗಾಗಿ ಡಕ್‌ಡಿಬಿಯಂಥ ಕಾಲಂ ಡೇಟಾಬೇಸ್ ಎಂಜಿನ್ ಬೆಲೆಗಳನ್ನು 2,048ರ ಕಟ್ಟುಗಳಾಗಿ ತೆಗೆದುಕೊಂಡು ಒಂದೇ ಬಿಗಿಯಾದ ಲೂಪಿನಲ್ಲಿ ಮುಗಿಸುತ್ತದೆ. ಅಂಥ ಲೂಪಿನಲ್ಲಿ ಪ್ರೊಸೆಸರ್ ಒಂದೇ ಆದೇಶಕ್ಕೆ ಎಂಟು ಸಂಖ್ಯೆಗಳನ್ನು ಕೂಡಬಲ್ಲದು. ಬೆಲೆಗಳನ್ನು ಹೀಗೆ ಕಟ್ಟು ಕಟ್ಟಾಗಿ ಸಂಸ್ಕರಿಸುವ ದಾರಿಯನ್ನು 2005ರ ಸುಮಾರಿಗೆ ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯೂಐ ಸಂಶೋಧನಾ ಕೇಂದ್ರದವರು ತೋರಿಸಿಕೊಟ್ಟರು. ಡಕ್‌ಡಿಬಿ ಹುಟ್ಟಿದ್ದೂ ಅಲ್ಲೇ.

ಇಷ್ಟೆಲ್ಲ ಲಾಭಕ್ಕೂ ಒಂದು ಶರತ್ತಿದೆ: ಸಾಲುಗಳ ಕ್ರಮ. ಇದನ್ನು ಬಿಡಿಸಿ ಹೇಳಬೇಕು. ಕಾಲಂ ಫೈಲ್ ಮಾಡಿಯೂ ವೇಗ ಬರಲಿಲ್ಲ ಎನ್ನುವವರ ತೊಂದರೆ ಬಹಳ ಸಲ ಇಲ್ಲೇ ಇರುತ್ತದೆ.

ಟ್ವಿಟರ್ ಮತ್ತು ಕ್ಲೌಡೆರಾ ಸೇರಿ 2013ರಲ್ಲಿ ಹೊರತಂದ ಪಾರ್ಕೆ ಎಂಬ ಫೈಲ್ ರೂಪ ಈಗ ಎಲ್ಲೆಡೆ ಬಳಕೆಯಲ್ಲಿದೆ. ಅದು ಟೇಬಲ್ಲನ್ನು ಮೊದಲು ಅಡ್ಡಡ್ಡ ಸೀಳಿ ಸಾಲುಗಳ ಗುಂಪುಗಳನ್ನು ಮಾಡುತ್ತದೆ. ಆಮೇಲೆ ಪ್ರತಿ ಗುಂಪಿನೊಳಗೆ ಕಾಲಂಗಳನ್ನು ಬೇರೆಬೇರೆ ಇಡುತ್ತದೆ. ಡಕ್‌ಡಿಬಿಯಿಂದ ಬರೆದರೆ ಗುಂಪಿಗೆ ಸಾಮಾನ್ಯವಾಗಿ 1,22,880 ಸಾಲು. ನಮ್ಮ 10 ಕೋಟಿ ಟಿಕೆಟ್‌ಗೆ 814 ಗುಂಪು. ಪ್ರತಿ ಗುಂಪಿನ ಪ್ರತಿ ಕಾಲಂನ ಅತಿ ಚಿಕ್ಕ ಮತ್ತು ಅತಿ ದೊಡ್ಡ ಬೆಲೆಯನ್ನು ಫೈಲಿನ ಕೊನೆಯಲ್ಲಿ ಬರೆದಿಡಲಾಗುತ್ತದೆ. ಓದುವ ಎಂಜಿನ್ ಮೊದಲು ಆ ಕೊನೆಯ ಭಾಗವನ್ನು ನೋಡಿ, ಮಾರ್ಚ್ ಇರಲು ಸಾಧ್ಯವೇ ಇಲ್ಲದ ಗುಂಪುಗಳನ್ನು ಮುಟ್ಟದೆ ದಾಟಿಬಿಡುತ್ತದೆ.

ದಿನಾಂಕದ ಕ್ರಮದಲ್ಲಿ ಬರೆದಿದ್ದರೆ ಒಂದು ಗುಂಪಿನಲ್ಲಿ ಒಂದೋ ಎರಡೋ ದಿನ ಇರುತ್ತವೆ. ಮಾರ್ಚ್‌ಗೆ 814ರಲ್ಲಿ ಸುಮಾರು 70 ಗುಂಪು ಓದಿದರೆ ಸಾಕು. ಅದೇ ಟಿಕೆಟ್‌ಗಳನ್ನು ಕಲಸಿ ಬರೆದಿದ್ದರೆ? ಪ್ರತಿ ಗುಂಪಿನಲ್ಲೂ ಚಿಕ್ಕ ದಿನಾಂಕ ಜನವರಿ 1, ದೊಡ್ಡದು ಡಿಸೆಂಬರ್ 31. ಯಾವ ಗುಂಪನ್ನೂ ಬಿಡುವಂತಿಲ್ಲ, 814ನ್ನೂ ಓದಬೇಕು. ‘ಇಷ್ಟು ಸಲ’ ಎಂದು ಬರೆಯುವ ಅನುಕೂಲವೂ ಹೋಗಿ ದಿನಾಂಕಕ್ಕೆ 9 ಬಿಟ್ ಬೇಕಾಗುತ್ತದೆ. ಕೆಲವೇ ಕಿಲೋಬೈಟ್ ಇದ್ದ ಕಾಲಂ 112 ಎಂಬಿ ಆಗುತ್ತದೆ. ಡೇಟಾ ಅದೇ, ಫೈಲ್ ರೂಪ ಅದೇ, ಕ್ರಮ ಮಾತ್ರ ಬೇರೆ.

ಇನ್ನು ಒಂದು ಡಿಪೊದ ಇಡೀ ವರ್ಷದ ಲೆಕ್ಕವನ್ನೂ ಆಗಾಗ ಕೇಳುತ್ತಾರೆ ಎನ್ನಿ. ದಿನಾಂಕದ ಕ್ರಮದಲ್ಲಿದ್ದರೆ ಪ್ರತಿ ಗುಂಪಿನಲ್ಲೂ ಎಲ್ಲ ಡಿಪೊ ಇರುವುದರಿಂದ 814 ಗುಂಪೂ ಬೇಕು. ಮೊದಲು ಡಿಪೊ, ಒಂದೇ ಡಿಪೊದೊಳಗೆ ದಿನಾಂಕ, ಹೀಗೆ ಜೋಡಿಸಿದರೆ? ಡಿಪೊಗಳೆಲ್ಲ ಸಮ ಎಂದುಕೊಂಡರೆ ಒಂದೊಂದಕ್ಕೆ 20 ಲಕ್ಷ ಟಿಕೆಟ್, ಅಂದರೆ 17 ಗುಂಪಿನಷ್ಟು. ಒಂದು ಗುಂಪಿನಲ್ಲಿ ಸುಮಾರು 22 ದಿನಗಳ ಟಿಕೆಟ್. ಡಿಪೊ ಪ್ರಶ್ನೆಗೆ 17 ಗುಂಪು ಸಾಕು. ಮಾರ್ಚ್ ಪ್ರಶ್ನೆಗೆ ಪ್ರತಿ ಡಿಪೊದಿಂದ ಎರಡೋ ಮೂರೋ ಗುಂಪು, ಜೊತೆಗೆ ಒಂದು ಡಿಪೊದ ಡಿಸೆಂಬರ್ ಮುಗಿದು ಇನ್ನೊಂದರ ಜನವರಿ ಶುರುವಾಗುವ 49 ಗಡಿ ಗುಂಪು, ಒಟ್ಟು 170ರ ಆಸುಪಾಸು. ಮಾರ್ಚ್‌ನ ಕೆಲಸ 70ರಿಂದ 170ಕ್ಕೆ ಏರಿತು, ಡಿಪೊದ್ದು 814ರಿಂದ 17ಕ್ಕೆ ಇಳಿಯಿತು. ನಾನಾದರೆ ಈ ವ್ಯಾಪಾರವನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳುತ್ತೇನೆ. ಡಕ್‌ಡಿಬಿಯಲ್ಲಿ ಅದನ್ನು ಹೀಗೆ ಬರೆಯಬಹುದು:

```sql
COPY (SELECT * FROM tickets ORDER BY depot, issued_on)
TO 'tickets.parquet' (FORMAT parquet);
```

ಕಡಿಮೆ ಬಗೆಯ ಬೆಲೆಗಳಿರುವ ಕಾಲಂ ಮೊದಲು, ಹೆಚ್ಚು ಬಗೆಯದು ಆಮೇಲೆ ಎಂಬ ಈ ಕ್ರಮ ಬಹಳ ಕಡೆ ಹೊಂದುತ್ತದೆ. ಟಿಕೆಟ್ ಸಂಖ್ಯೆಯನ್ನು ಮೊದಲಿಟ್ಟು ಜೋಡಿಸಿದರೆ ಅದರ ನಂತರ ಬರುವ ಯಾವ ಕಾಲಂಗೂ ಲಾಭವಿಲ್ಲ, ಏಕೆಂದರೆ ಒಂದೇ ಸಂಖ್ಯೆ ಎರಡು ಸಲ ಬರುವುದೇ ಇಲ್ಲ.

ನಿಮ್ಮ ಫೈಲ್ ಹೇಗಿದೆ ಎಂದು ಊಹಿಸಬೇಕಾಗಿಲ್ಲ, ಡಕ್‌ಡಿಬಿಯಲ್ಲಿ ಫೈಲನ್ನೇ ಕೇಳಬಹುದು:

```sql
SELECT row_group_id, row_group_num_rows,
       stats_min_value, stats_max_value,
       total_compressed_size
FROM parquet_metadata('tickets.parquet')
WHERE path_in_schema = 'issued_on';
```

ಬಂದ ಪಟ್ಟಿಯಲ್ಲಿ ಚಿಕ್ಕ ಮತ್ತು ದೊಡ್ಡ ಬೆಲೆಗಳ ನಡುವಿನ ಅಂತರ ನೋಡಿ. ಗುಂಪಿಗೆ ಕೆಲವು ದಿನ ಇದ್ದರೆ ಸರಿ. ಎಲ್ಲ ಗುಂಪಿನಲ್ಲೂ ಇಡೀ ವರ್ಷ ಕಾಣಿಸಿದರೆ ಕ್ರಮ ಕೆಟ್ಟಿದೆ. `row_group_num_rows` ಕಾಲಂನಲ್ಲಿ ನೂರರ ಲೆಕ್ಕದ ಅಂಕಿ ಕಂಡರೆ ಕಾಯಿಲೆ ಬೇರೆ, ಅದನ್ನು ಮುಂದೆ ಹೇಳುತ್ತೇನೆ. ಎಲ್ಲ ಕಾಲಂಗಳ ಗಾತ್ರವನ್ನೂ ಹೀಗೇ ಕೂಡಿ ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಫೈಲಿನ ಹೆಚ್ಚಿನ ಜಾಗವನ್ನು ಕ್ಯೂಆರ್ ಸಂಕೇತದಂಥ ಒಂದೇ ಕಾಲಂ ತಿಂದಿರುತ್ತದೆ. 32 ಅಕ್ಷರದ, ಒಂದಕ್ಕೊಂದು ಸಂಬಂಧವಿಲ್ಲದ ಸಂಕೇತಗಳು ಅಷ್ಟೇನೂ ಕುಗ್ಗುವುದಿಲ್ಲ, ಅದೊಂದೇ ಜಿಬಿಗಟ್ಟಲೆ ಆಗುತ್ತದೆ. ಮಾರ್ಚ್ ಪ್ರಶ್ನೆ ಅದನ್ನು ಮುಟ್ಟುವುದಿಲ್ಲವಾದ್ದರಿಂದ ನೋವಿಲ್ಲ. ಆದರೆ ಯಾರಾದರೂ ಅಭ್ಯಾಸಬಲದಿಂದ `SELECT *` ಎಂದು ಬರೆದ ಕ್ಷಣ ಅದೂ ಮೆರವಣಿಗೆಯಲ್ಲಿ ಬರುತ್ತದೆ, ಕಾಲಂ ಜೋಡಣೆಯ ಲಾಭ ಬಹುತೇಕ ಕರಗಿಹೋಗುತ್ತದೆ.

ಈಗ ಬರೆಯುವ ಬದಿಯ ಕಷ್ಟ. ಸಾಲು ಪದ್ಧತಿಯಲ್ಲಿ ಹೊಸ ಟಿಕೆಟ್ ಬಂದರೆ ಒಂದು ಪುಟದ ಖಾಲಿ ಜಾಗದಲ್ಲಿ 200 ಬೈಟ್ ಬರೆದರಾಯಿತು. ಕಾಲಂನಲ್ಲಿ ಅದು 20 ಜಾಗಕ್ಕೆ ಹಂಚಿಹೋಗಬೇಕು. ಪ್ರತಿಯೊಂದೂ ಕುಗ್ಗಿಸಿದ, ಕ್ರಮದಲ್ಲಿಟ್ಟ ಜಾಗ. ನಡುವೆ ಒಂದನ್ನು ತುರುಕಲು ಇಡೀ ತುಂಡನ್ನು ಬಿಚ್ಚಿ ಮತ್ತೆ ಕಟ್ಟಬೇಕು. ಪಾರ್ಕೆ ಫೈಲನ್ನಂತೂ ಒಮ್ಮೆ ಬರೆದ ಮೇಲೆ ಅಲ್ಲೇ ತಿದ್ದುವಂತಿಲ್ಲ. ದರ ತಪ್ಪಾಗಿತ್ತು ಎಂದು ಒಂದು ಟಿಕೆಟ್ ಸರಿಪಡಿಸಬೇಕಾದರೆ ಫೈಲನ್ನೇ ಹೊಸದಾಗಿ ಬರೆಯಬೇಕು. ಅದಕ್ಕೇ ಕಾಲಂ ಡೇಟಾಬೇಸ್‌ಗಳು ಟಿಕೆಟ್‌ಗಳನ್ನು ಮೊದಲು ಕೂಡಿಸಿಟ್ಟುಕೊಂಡು ಆಮೇಲೆ ಒಟ್ಟಾಗಿ ಜೋಡಿಸುತ್ತವೆ. 2005ರಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಸಂಗಡಿಗರು ವಿವರಿಸಿದ ಸಿ-ಸ್ಟೋರ್‌ನಲ್ಲೇ ಬರೆಯಲು ಒಂದು ಚಿಕ್ಕ ಉಗ್ರಾಣ, ಓದಲು ಒಂದು ದೊಡ್ಡ ಉಗ್ರಾಣ, ಮೊದಲನೆಯದರಿಂದ ಎರಡನೆಯದಕ್ಕೆ ಹಿನ್ನೆಲೆಯಲ್ಲಿ ಸಾಗಿಸುವ ಒಬ್ಬ ಹಮಾಲಿ, ಈ ಮೂರೂ ಇದ್ದವು.

ಈ ಕೂಡಿಸಿಡುವ ಹಂತವನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಟಿಕೆಟ್‌ಗಳೇ ಸಾಕ್ಷಿ. ಡೇಟಾ ತಾಜಾ ಇರಲಿ ಎಂದು ನಿಮಿಷಕ್ಕೊಂದು ಪಾರ್ಕೆ ಫೈಲ್ ಬರೆದರೆ ಒಂದೊಂದರಲ್ಲಿ ಸರಾಸರಿ 190 ಟಿಕೆಟ್. ವರ್ಷಕ್ಕೆ 5,25,600 ಫೈಲ್. ಪ್ರತಿಯೊಂದಕ್ಕೂ 20 ಕಾಲಂಗಳ ನಿಘಂಟು, ಕೊನೆಯ ಪಟ್ಟಿ. ಮಾರ್ಚ್ ಲೆಕ್ಕಕ್ಕೆ ಮೊದಲು ಲಕ್ಷಗಟ್ಟಲೆ ಫೈಲ್ ತೆರೆದು ಅವುಗಳ ಕೊನೆ ನೋಡುವುದರಲ್ಲೇ ಹೊತ್ತು ಹೋಗುತ್ತದೆ. ಮೇಲೆ ಹೇಳಿದ ನೂರರ ಲೆಕ್ಕದ ಅಂಕಿ ತೋರಿಸುವುದು ಈ ಕಾಯಿಲೆಯನ್ನೇ. ಕ್ಲಿಕ್‌ಹೌಸ್ ಎಂಬ ಕಾಲಂ ಡೇಟಾಬೇಸ್ ಬಳಸುವವರಿಗೆ ಇದು `Too many parts` ಎಂಬ ದೋಷಸಂದೇಶವಾಗಿ ಎದುರಾಗುತ್ತದೆ. ಅಲ್ಲಿ ಸಾಮಾನ್ಯವಾಗಿ ಪ್ರತಿ ಸೇರ್ಪಡೆಯೂ ಡಿಸ್ಕಿನ ಮೇಲೆ ಹೊಸ ತುಂಡೊಂದನ್ನು ಮಾಡುತ್ತದೆ. ಹಿನ್ನೆಲೆಯಲ್ಲಿ ಅವನ್ನು ಬೆಸೆಯುವ ವೇಗಕ್ಕಿಂತ ಬರುವ ವೇಗ ಹೆಚ್ಚಾದರೆ ಡೇಟಾಬೇಸ್ ಹೊಸದನ್ನು ತೆಗೆದುಕೊಳ್ಳಲು ನಿರಾಕರಿಸುತ್ತದೆ.

ಹಾಗಾಗಿ ಇಂಥ ಸಂಸ್ಥೆಗೆ ನಾನು ಹೇಳುವ ಜೋಡಣೆ ಇದು. ಮೆಷಿನ್‌ಗಳಿಂದ ಬರುವ ಟಿಕೆಟ್‌ಗಳು ಪೋಸ್ಟ್‌ಗ್ರೆಸ್‌ಗೇ ಬರಲಿ. ದೂರು, ತಿದ್ದುಪಡಿ, ಇವತ್ತಿನ ವಹಿವಾಟು ಎಲ್ಲ ಅಲ್ಲೇ ನಡೆಯಲಿ. ರಾತ್ರಿ, ಮುಗಿದ ದಿನದ ಟಿಕೆಟ್‌ಗಳನ್ನು ಡಿಪೊ ಕ್ರಮದಲ್ಲಿ ಒಂದು ಪಾರ್ಕೆ ಫೈಲಿಗೆ ಬರೆಯಿರಿ. ತಿಂಗಳು ಮುಗಿದ ಮೇಲೆ ಆ ಮೂವತ್ತು ಫೈಲ್‌ಗಳನ್ನು ಸೇರಿಸಿ, ಡಿಪೊ ಮತ್ತು ದಿನಾಂಕದ ಕ್ರಮದಲ್ಲಿ ಒಂದೇ ಫೈಲಾಗಿ ಮತ್ತೆ ಬರೆಯಿರಿ. ಸಿಗ್ನಲ್ ಇಲ್ಲದ ಘಟ್ಟದ ಮಾರ್ಗದ ಮೆಷಿನ್ ಎರಡು ದಿನ ತಡವಾಗಿ ತನ್ನ ಟಿಕೆಟ್‌ಗಳನ್ನು ಕಳಿಸಿದರೆ, ಮುಗಿದ ದಿನದ ಫೈಲನ್ನು ಕೆದಕದೆ ‘ತಡವಾಗಿ ಬಂದವು’ ಎಂಬ ಚಿಕ್ಕ ಫೈಲಿನಲ್ಲಿ ಇಡಿ. ತಿಂಗಳ ಫೈಲ್ ಕಟ್ಟುವಾಗ ಅವೂ ತಮ್ಮ ಡಿಪೊ, ತಮ್ಮ ದಿನಾಂಕದ ಜಾಗಕ್ಕೆ ಹೋಗಿ ಸೇರಿಕೊಳ್ಳುತ್ತವೆ.